ಅಡುಗೆಮನೆ ಸಿಂಕ್‌ನಿಂದ ಮಾತ್ರ ಚರಂಡಿ ವಾಸನೆ: ಎಲ್ಲಿಂದ ಹುಡುಕುವುದು?

ಪ್ರಶ್ನೆ: "ಅಪಾರ್ಟ್‌ಮೆಂಟಿನ ಎರಡನೇ ಮಹಡಿ. ಕಿಚನ್ ಸಿಂಕ್ ಹತ್ತಿರ ಮಾತ್ರ ಚರಂಡಿ ವಾಸನೆ, ಬೆಳಿಗ್ಗೆ ಜಾಸ್ತಿ. ಬಾತ್‌ರೂಮಲ್ಲಿ ಏನೂ ಇಲ್ಲ. ಪ್ಲಂಬರ್ ಹೊಸ ಬಾಟಲ್ ಟ್ರ್ಯಾಪ್ ಹಾಕಿ ಹೋದರು, ಆದರೂ ಹೋಗಿಲ್ಲ. ಇನ್ನೇನು ನೋಡಬೇಕು?"

ಟ್ರ್ಯಾಪ್ ಅಂದರೆ ಸಿಂಕಿನ ಕೆಳಗೆ ಸ್ವಲ್ಪ ನೀರು ನಿಲ್ಲಿಸಿಕೊಂಡು ಚರಂಡಿ ಗಾಳಿ ತಡೆಯುವ ಭಾಗ. ಇನ್ನೊಂದು ಟ್ರ್ಯಾಪ್ ತರಬೇಡಿ. ಮೊದಲು ವಾಸನೆ ಸಿಂಕಿನ ಬಾಯಿಂದ ಬರುತ್ತಿದೆಯೋ, ಕೆಳಗಿನ ಕಪಾಟಿನಿಂದ ಬರುತ್ತಿದೆಯೋ ನೋಡಿ. ಮೂಗಿಗೆ ಎರಡೂ ಒಂದೇ ಥರ ಅನಿಸುತ್ತವೆ, ಆದರೆ ಕಾರಣಗಳು ಬೇರೆ.

ರಾತ್ರಿ ಪಾತ್ರೆ ಎಲ್ಲಾ ತೊಳೆದ ಮೇಲೆ ಸಿಂಕನ್ನು ಒರೆಸಿ ಒಣಗಿಸಿ. ಜಾಲರಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ಸುತ್ತ ಟೇಪ್ ಅಂಟಿಸಿ. ಸಿಂಕಿನ ಗೋಡೆಯಲ್ಲಿ ನೀರು ತುಂಬಿ ಹರಿಯದಿರಲೆಂದು ಬಿಟ್ಟ ತೂತಿದ್ದರೆ ಅದಕ್ಕೂ ಅಂಟಿಸಿ. ಕಪಾಟಿನೊಳಗೆ ಹಸಿ ಕಸದ ಡಬ್ಬ ಇದ್ದರೆ ಹೊರಗಿಟ್ಟು ಬಾಗಿಲು ಮುಚ್ಚಿ. ಬೆಳಿಗ್ಗೆ ಎದ್ದ ಕೂಡಲೇ, ನಲ್ಲಿ ತಿರುಗಿಸುವ ಮುಂಚೆ, ಕಪಾಟಿನ ಬಾಗಿಲು ತೆಗೆದು ಮೂಸಿ. ಆಮೇಲೆ ಪ್ಲಾಸ್ಟಿಕ್ಕಿನ ಒಂದು ಮೂಲೆ ಎತ್ತಿ ಮೂಸಿ.

ವಾಸನೆ ಕಪಾಟಿನಲ್ಲಿದ್ದರೆ ಟ್ರ್ಯಾಪ್ ಆದ ಮೇಲಿನ ಪೈಪಿನಲ್ಲಿ ಎಲ್ಲೋ ಸಂದಿ ಇದೆ ಎಂದು ಅರ್ಥ. ನಮ್ಮ ಕಡೆಯ ಫ್ಲ್ಯಾಟ್‌ಗಳಲ್ಲಿ ನಾನು ಅತಿ ಹೆಚ್ಚು ನೋಡಿರುವುದು ಇದನ್ನೇ. ಟ್ರ್ಯಾಪಿನಿಂದ ಹೊರಟ ಸಣ್ಣ ಪೈಪನ್ನು ಗೋಡೆಯ ಅಥವಾ ನೆಲದ ದೊಡ್ಡ ಪಿವಿಸಿ ಪೈಪಿನೊಳಗೆ ಸುಮ್ನೆ ತೂರಿಸಿರುತ್ತಾರೆ. ಸುತ್ತಲೂ ಬೆರಳು ಹೋಗುವಷ್ಟು ಜಾಗ. ಅದರ ಮುಂದೆ ಒಂದು ಸ್ಟೀಲ್ ಬಿಲ್ಲೆ ಕೂತಿರುವುದರಿಂದ ಮುಚ್ಚಿದ ಹಾಗೆ ಕಾಣುತ್ತದೆ, ಆದರೆ ಅದು ಗಾಳಿ ತಡೆಯುವುದಿಲ್ಲ. ಟ್ರ್ಯಾಪ್ ಎಷ್ಟೇ ಚೆನ್ನಾಗಿದ್ದರೂ ಚರಂಡಿ ಗಾಳಿ ಅದರ ಪಕ್ಕದಿಂದಲೇ ಒಳಗೆ ಬರುತ್ತದೆ.

ನನ್ನ ಅಕ್ಕನ ಮನೆಯಲ್ಲಿ ನಿಮ್ಮದೇ ಕಥೆ. ಟ್ರ್ಯಾಪ್ ಹೊಸದು, ವಾಸನೆ ಹಳೆಯದೇ. ಪ್ಲಾಸ್ಟಿಕ್ ಅಂಟಿಸಿ ನೋಡಿದಾಗ ವಾಸನೆ ಕಪಾಟಿನಲ್ಲಿತ್ತು. ಬಿಲ್ಲೆ ಹಿಂದೆ ಸರಿಸಿ, ಊದುಬತ್ತಿ ಹಚ್ಚಿ ಸಂದಿಯ ಹತ್ತಿರ ಹಿಡಿದೆವು. ಹೊಗೆ ಒಂದೇ ಸಮನೆ ನಮ್ಮ ಕಡೆಗೆ ತಳ್ಳಿಕೊಂಡು ಬಂತು. ಅಲ್ಲಿ ಇನ್ನೂ ಒಂದು ತೊಂದರೆ ಸಿಕ್ಕಿತು. ನೀರಿನ ಫಿಲ್ಟರ್‌ನವರು ಆರ್‌ಒ ವೇಸ್ಟ್ ನೀರಿನ ಸಣ್ಣ ಟ್ಯೂಬನ್ನು ಟ್ರ್ಯಾಪ್ ದಾಟಿದ ಪೈಪಿಗೆ ತೂತು ಕೊರೆದು ಸಿಕ್ಕಿಸಿದ್ದರು, ತೂತು ಟ್ಯೂಬಿಗಿಂತ ದೊಡ್ಡದಿತ್ತು. ಆ ತುಂಡು ಪೈಪನ್ನೇ ಬದಲಿಸಿ, ಆರ್‌ಒ ಟ್ಯೂಬನ್ನು ಸಿಂಕಿನೊಳಗೆ ಬೀಳುವ ಹಾಗೆ ಮೇಲಿಂದ ಬಿಟ್ಟೆವು. ಗೋಡೆಯ ಸಂದಿಗೆ ಎರಡೂ ಪೈಪಿನ ಅಳತೆಗೆ ಸರಿಹೊಂದುವ ರಬ್ಬರ್ ಕಾಲರ್ ಹಾಕಿಸಿದೆವು. ಬಿಳಿ ಸಿಮೆಂಟ್ ಮೆತ್ತುವವರಿದ್ದಾರೆ. ಪೈಪ್ ಸ್ವಲ್ಪ ಅಲುಗಾಡಿದರೂ ಅದು ಬಿರುಕು ಬಿಡುತ್ತದೆ, ಮುಂದೆ ಬಿಚ್ಚುವುದಕ್ಕೂ ಕಷ್ಟ. ಊದುಬತ್ತಿ ಹಿಡಿಯುವಾಗ ಕಪಾಟಿನಲ್ಲಿ ಗ್ಯಾಸ್ ಸಿಲಿಂಡರ್ ಅಥವಾ ಗ್ಯಾಸ್ ಪೈಪ್ ಇದ್ದರೆ ಬೇಡವೇ ಬೇಡ, ಬರೀ ಮೂಗಲ್ಲೇ ನೋಡಿ.

ಕಪಾಟಿನ ವಾಸನೆ ಅಂದೇ ಹೋಯಿತು. ಆದರೆ ಬೆಳಿಗ್ಗೆ ಮೊದಲ ಸಲ ನಲ್ಲಿ ಬಿಟ್ಟಾಗ ಒಂದು ಕ್ಷಣ ಕೊಳೆತ ಮೊಟ್ಟೆಯ ಹಾಗೆ ಬರುತ್ತಲೇ ಇತ್ತು. ಇದು ಲೋಳೆಯ ಗುರುತು. ಟ್ರ್ಯಾಪಿನಲ್ಲಿ ನಿಂತ ನೀರು ಚರಂಡಿ ಗಾಳಿಯನ್ನು ತಡೆಯುತ್ತದೆ, ನಿಜ. ಆದರೆ ಜಾಲರಿಯಿಂದ ಆ ನೀರಿನವರೆಗಿನ ಪೈಪ್ ನಿಮ್ಮ ಅಡುಗೆಮನೆ ಕಡೆಗೇ ತೆರೆದಿರುತ್ತದೆ. ಗಂಜಿ, ದೋಸೆ ಹಿಟ್ಟು, ಎಣ್ಣೆ ಜಿಡ್ಡು, ಸೋಪು ಅಲ್ಲಿ ಪದರವಾಗಿ ಕೂರುತ್ತವೆ. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ವಾಸನೆ ಹುಟ್ಟುತ್ತದೆ. ಅದನ್ನು ಯಾವ ಟ್ರ್ಯಾಪೂ ತಡೆಯಲಾರದು. ಗೊತ್ತುಮಾಡಿಕೊಳ್ಳಲು ಒಂದು ಕಡ್ಡಿಗೆ ಹತ್ತಿ ಸುತ್ತಿ ಜಾಲರಿಯ ಕೆಳಗೆ ಪೈಪಿನ ಒಳಗೋಡೆಗೆ ಉಜ್ಜಿ, ಬಾಲ್ಕನಿಗೆ ಒಯ್ದು ಮೂಸಿ. ಅದೇ ವಾಸನೆ ಬಂದರೆ ಸಿಕ್ಕಿತು ಎಂದೇ.

ಇದಕ್ಕೆ ಉಜ್ಜುವುದೇ ಮದ್ದು. ಕೆಳಗೆ ಬಕೆಟ್ ಇಟ್ಟು ಟ್ರ್ಯಾಪಿನ ಬಟ್ಟಲು ಬಿಚ್ಚಿ. ಪಾತ್ರೆ ಸೋಪು ಹಾಕಿದ ಬಾಟಲಿ ಬ್ರಷ್‌ನಿಂದ ಮೇಲಿನಿಂದಲೂ ಕೆಳಗಿನಿಂದಲೂ ತಿಕ್ಕಿ. ಜಾಲರಿಯ ಅಡಿಭಾಗ, ಅದರ ಸುತ್ತಿನ ಅಂಚು, ಸಿಂಕಿನ ಗೋಡೆಯ ತೂತು ಬಿಡಬೇಡಿ. ಮಡಿಕೆ ಮಡಿಕೆಯಾದ ಬಗ್ಗುವ ಪೈಪ್ ಇದ್ದರೆ ಅದನ್ನು ತೊಳೆಯುವ ಬದಲು ಒಳಗೆ ನುಣುಪಾಗಿರುವ ಪೈಪ್ ಹಾಕಿಸುವುದು ಒಳ್ಳೆಯದು. ಪ್ರತಿ ಮಡಿಕೆಯಲ್ಲೂ ಲೋಳೆ ಕೂರುತ್ತದೆ, ಬ್ರಷ್ ಅಲ್ಲಿಗೆ ಹೋಗುವುದಿಲ್ಲ. ಅಡುಗೆ ಸೋಡಾ, ವಿನೆಗರ್ ಸುರಿದರೆ ನೊರೆ ಬರುತ್ತದೆ, ಆದರೆ ದಪ್ಪ ಪದರ ಆ ನೊರೆಗೆ ಕಿತ್ತು ಬರುವುದಿಲ್ಲ. ಕುದಿಯುವ ನೀರು ಪಿವಿಸಿಯನ್ನು ಮೆತ್ತಗೆ ಮಾಡುತ್ತದೆ, ಕೈ ತಡೆಯುವಷ್ಟು ಬಿಸಿ ಸಾಕು. ಬ್ಲೀಚ್ ಮತ್ತು ಆಸಿಡ್ ಒಂದೇ ಪೈಪಿಗೆ ಒಂದರ ಹಿಂದೆ ಒಂದು ಸುರಿಯುವುದಂತೂ ಅಪಾಯ, ಕ್ಲೋರಿನ್ ಗಾಳಿ ಏಳುತ್ತದೆ.

ಸಂದಿ ಮುಚ್ಚಿ, ಲೋಳೆ ತೆಗೆದು, ಆದರೂ ವಾಸನೆ ಸಿಂಕಿನ ಬಾಯಿಂದ ಬರುತ್ತಿದೆಯೇ? ಆಗ ಟ್ರ್ಯಾಪಿನ ನೀರು ನಿಲ್ಲುತ್ತಿಲ್ಲ ಎಂಬ ಅನುಮಾನ ಸರಿ. ಸಾಮಾನ್ಯವಾಗಿ ಟ್ರ್ಯಾಪಿನಲ್ಲಿ 50 ಮಿ.ಮೀ.ನಷ್ಟಾದರೂ ನೀರಿನ ತಡೆ ಇರಬೇಕು. ನಲ್ಲಿಯನ್ನು ಸಣ್ಣಗೆ ಸ್ವಲ್ಪ ಹೊತ್ತು ಬಿಟ್ಟು ನಿಲ್ಲಿಸಿ, ಬಟ್ಟಲು ಬಿಚ್ಚಿ, ಬಂದ ನೀರನ್ನೆಲ್ಲ ಒಂದು ಮಗ್‌ನಲ್ಲಿ ಹಿಡಿದು ಗುರುತು ಹಾಕಿ. ಮತ್ತೆ ಜೋಡಿಸಿ, ಈ ಸಲ ಸಿಂಕನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಿ ಒಮ್ಮೆಲೇ ಬಿಡಿ. ಕೊನೆಯಲ್ಲಿ ಗೊಳಗೊಳ ಸದ್ದು ಬರುತ್ತದಾ ಕೇಳಿ. ಮತ್ತೆ ಬಿಚ್ಚಿ ಅಳೆಯಿರಿ. ಎರಡನೇ ಸಲ ನೀರು ತೀರಾ ಕಡಿಮೆ ಇದ್ದರೆ, ಹರಿದು ಹೋಗುವ ನೀರೇ ಟ್ರ್ಯಾಪಿನ ನೀರನ್ನು ಎಳೆದುಕೊಂಡು ಹೋಗುತ್ತಿದೆ. ಪೈಪ್ ಸಣ್ಣದಾಗಿ, ಉದ್ದವಾಗಿ, ಕಡಿದಾಗಿ ಇಳಿದಾಗ ಹೀಗಾಗುತ್ತದೆ. ಒಂದು ಸೈಜ್ ದೊಡ್ಡ ಪೈಪ್, ಸ್ವಲ್ಪವೇ ಇಳಿಜಾರು, ಬಾಟಲ್ ಬದಲು ಬಾಗಿದ ಪೈಪಿನ ಪಿ-ಟ್ರ್ಯಾಪ್, ಇಷ್ಟು ಮಾಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ ಸಿಂಕ್ ಖಾಲಿಯಾದ ಮೇಲೆ ಒಂದು ಲೋಟ ನೀರನ್ನು ನಿಧಾನವಾಗಿ ಸುರಿಯಿರಿ.

ನೀವು ಸಿಂಕನ್ನು ಮುಟ್ಟದೇ ಇರುವಾಗಲೂ ಗೊಳಗೊಳ ಅನ್ನುತ್ತದೆ, ಅಥವಾ ಮೇಲಿನ ಮನೆಯವರ ವಾಷಿಂಗ್ ಮೆಷಿನ್ ನೀರು ಬಿಟ್ಟಾಗ ವಾಸನೆ ಏಳುತ್ತದೆ ಅಂದರೆ ವೆಂಟ್, ಅಂದರೆ ಚರಂಡಿ ಲೈನಿಗೆ ಗಾಳಿ ಆಡಲು ಮೇಲಕ್ಕೆ ಬಿಟ್ಟ ಪೈಪ್, ನೋಡಬೇಕು. ಬಾತ್‌ರೂಮಿನಲ್ಲಿ ವಾಸನೆ ಇಲ್ಲ, ಹಾಗಾಗಿ ವೆಂಟ್ ಸರಿ ಇದೆ ಎಂದುಕೊಳ್ಳಬೇಡಿ. ಬಹಳಷ್ಟು ಕಟ್ಟಡಗಳಲ್ಲಿ ಅಡುಗೆಮನೆಯ ಲೈನ್ ಯುಟಿಲಿಟಿ ಕಡೆಯ ಡಕ್ಟಿನಲ್ಲಿ ಬೇರೆಯಾಗಿಯೇ ಇಳಿಯುತ್ತದೆ. ಆ ಪೈಪಿನ ತುದಿ ಟೆರೇಸಿನ ಮೇಲೆ ತೆರೆದಿರಬೇಕು. ಅಲ್ಲಿ ಹಕ್ಕಿ ಗೂಡು ಕಟ್ಟಿರಬಹುದು. ಸೋಲಾರ್ ಹಾಕುವಾಗ ಯಾರೋ ಪೈಪ್ ಕತ್ತರಿಸಿ ಮುಚ್ಚಳ ಬಡಿದಿರಬಹುದು. ಅಸೋಸಿಯೇಷನ್ ಪ್ಲಂಬರಿಗೆ "ವಾಸನೆ ಬರ್ತಿದೆ" ಎಂದಷ್ಟೇ ಹೇಳಿದರೆ ಅವರು ಮತ್ತೆ ನಿಮ್ಮ ಟ್ರ್ಯಾಪನ್ನೇ ಬಿಚ್ಚುತ್ತಾರೆ. ಸದ್ದು ಯಾವ ಹೊತ್ತಿಗೆ, ಯಾವ ಮನೆಯ ನೀರು ಬಿಟ್ಟಾಗ ಬಂತು ಎಂದು ಬರೆದುಕೊಟ್ಟು, ಅಡುಗೆಮನೆ ಲೈನಿನ ವೆಂಟ್ ತುದಿ ಯಾವುದು ಎಂದು ಟೆರೇಸಿನಲ್ಲಿ ತೋರಿಸಲು ಕೇಳಿ.