ನಕಲಿ ಗೀಸರ್: ಬಿಲ್ಲಿಗೂ ಫೋಟೊಗೂ ಕೊಂಡಿ ಬೇಕು

“ಕೊಂಡ ಗೀಸರ್ ನಕಲಿ ಎಂದು ಗೊತ್ತಾಯಿತು. ಬಿಲ್ಲು ಇದೆ, ದಿನಾಂಕವಿರುವ ಫೋಟೊಗಳೂ ಇವೆ. ಗ್ರಾಹಕರ ಆಯೋಗಕ್ಕೆ ದೂರು ಹೇಗೆ ಬರೆಯಲಿ?”

ಸರ್, ಫೋಟೊ ಮೇಲೆ ದಿನಾಂಕ ಮೂಡಿದ್ದರೆ ಸಾಕು ಎಂದು ನಿಮ್ಮ ಪ್ರಶ್ನೆಗೆ ಒಬ್ಬರು ಉತ್ತರ ಬರೆದಿದ್ದಾರೆ. ಅದು ಅರ್ಧ ಸರಿ. ಆ ದಿನ ಆ ವಸ್ತು ಹೀಗಿತ್ತು ಎಂಬುದನ್ನು ಫೋಟೊ ತೋರಿಸಬಹುದು, ಆದರೆ ಅದು ಅದೇ ಅಂಗಡಿಯಿಂದ ಬಂದದ್ದು ಎಂದು ತೋರಿಸುವುದಿಲ್ಲ. “ಇದು ನಾವು ಮಾರಿದ ಗೀಸರೇ ಅಲ್ಲ” ಎಂಬುದೇ ಎದುರುದಾರರಾದ ಅಂಗಡಿಯವರ ಮೊದಲ ತಕರಾರಾಗಿರುತ್ತದೆ. ಅದಕ್ಕೆ ಉತ್ತರ ಸೀರಿಯಲ್ ನಂಬರಿನಲ್ಲಿದೆ.

ನನಗೂ ಹೀಗೇ ನಕಲಿ ಗೀಸರ್ ಸಿಕ್ಕಿತ್ತು. ನನ್ನ ಬಿಲ್ಲಿನಲ್ಲಿ ಮಾಡೆಲ್ ಹೆಸರು ಮಾತ್ರ ಇತ್ತು, ಸೀರಿಯಲ್ ನಂಬರ್ ಇರಲಿಲ್ಲ. ಪುಣ್ಯಕ್ಕೆ, ಅಳವಡಿಸುವ ಮೊದಲು ಡಬ್ಬಿಯ ಸ್ಟಿಕ್ಕರ್, ಗೀಸರಿನ ನೇಮ್‌ಪ್ಲೇಟ್ ಮತ್ತು ಬಿಲ್ಲನ್ನು ಒಂದೇ ಚೌಕಟ್ಟಿನಲ್ಲಿ ಹಿಡಿದ ಫೋಟೊ ಸಿಕ್ಕಿತು. ಆ ನಂಬರನ್ನು ತಯಾರಕರಿಗೆ ಇಮೇಲ್ ಮಾಡಿದೆ; ಆ ಸೀರಿಯಲ್ ನಂಬರಿನ ಗೀಸರ್ ತಮ್ಮದಲ್ಲ ಎಂದು ಲಿಖಿತವಾಗಿ ಉತ್ತರಿಸಿದರು. ಐಎಸ್‌ಐ ಗುರುತಿನ ಕೆಳಗಿದ್ದ CM/L ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೊದ BIS Care ಆ್ಯಪಿನಲ್ಲಿ ಹಾಕಿ ನೋಡಿದಾಗ ಬೇರೆಯೇ ಹೆಸರು ಬಂತು. ಆ ಪರದೆಯ ಚಿತ್ರವನ್ನೂ ಇಟ್ಟುಕೊಂಡೆ.

ದೂರಿನಲ್ಲಿ ನಾನು ಬರೆದದ್ದು ಹೀಗೆ: “ದಿನಾಂಕ 14-3-2025ರಂದು ಎದುರುದಾರರಿಂದ ಗೀಸರ್ ಖರೀದಿಸಿದ್ದು, ಬಿಲ್ಲು ದಾಖಲೆ 1. 16-3-2025ರಂದು, ಅಳವಡಿಸುವ ಮುನ್ನ, ನೇಮ್‌ಪ್ಲೇಟ್ ಮತ್ತು ಬಿಲ್ಲು ಒಟ್ಟಿಗೆ ಕಾಣುವಂತೆ ತೆಗೆದ ಫೋಟೊ ದಾಖಲೆ 2. ಅದರಲ್ಲಿರುವ ಸೀರಿಯಲ್ ನಂಬರ್ ತಮ್ಮದಲ್ಲವೆಂದು ತಯಾರಕರು ತಿಳಿಸಿದ ಇಮೇಲ್ ದಾಖಲೆ 3.” ಪ್ರತಿ ಹೇಳಿಕೆಗೂ ಒಂದು ದಾಖಲೆ ಇರಲಿ, “ಮೋಸಗಾರರು” ಎಂಬಂಥ ಬೈಗುಳ ಬೇಡ.

ಮೂಲ ಫೋಟೊಗಳನ್ನು ಫೋನಿನಿಂದ ಅಳಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದ ಪ್ರತಿಯಲ್ಲಿ, ಚಿತ್ರ ತೆಗೆದ ಸಮಯದ ಒಳಮಾಹಿತಿ ಉಳಿಯುವುದಿಲ್ಲ. ಮುದ್ರಿತ ಪ್ರತಿಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಗಳಿಗೆ ಕೊಡುವ ಪ್ರಮಾಣಪತ್ರ ಲಗತ್ತಿಸುವಂತೆ ನಮ್ಮ ವಕೀಲರು ಹೇಳಿದರು. ಎಲ್ಲ ಆಯೋಗಗಳೂ ಅದನ್ನು ಕಡ್ಡಾಯವಾಗಿ ಕೇಳುತ್ತವೆಯೇ ಎಂಬ ಬಗ್ಗೆ ವಕೀಲರಲ್ಲೇ ಒಮ್ಮತ ಕಾಣಲಿಲ್ಲ.

ಇದೇ ಪ್ರಶ್ನೆಗೆ ಉತ್ತರವಾಗಿ, ಮಿಕ್ಸರಿನ ವಾರಂಟಿ ನಿರಾಕರಿಸಿದ ತಮ್ಮ ಪ್ರಕರಣವನ್ನು ಬರೆದ ಅಕ್ಕನವರೇ, ನಿಮ್ಮದು ಸೇವೆಯ ನ್ಯೂನತೆ. ಇಲ್ಲಿ ವಸ್ತುವೇ ಅಸಲಿಯಲ್ಲ, ಆದ್ದರಿಂದ ನಿಮ್ಮ ದೂರಿನ ಮಾದರಿ ಇಲ್ಲಿ ಹೊಂದುವುದಿಲ್ಲ.

ಗೀಸರನ್ನು ಬಿಚ್ಚಿಸಬೇಡಿ. ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಬರವಣಿಗೆಯಲ್ಲಿ ರಸೀದಿ ಪಡೆಯದೆ ಅಂಗಡಿಗೂ ಮರಳಿಸಬೇಡಿ. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ನನ್ನ ಪ್ರಕರಣ ಇನ್ನೂ ವಾದದ ಹಂತದಲ್ಲಿದೆ.