ಮಾತ್ರೆಗೆ ಮೊದಲು ವೀರ್ಯ ಪರೀಕ್ಷೆ

"ಪಿಸಿಓಎಸ್ ಇದೆ, ಮುಟ್ಟು 45 ದಿನಕ್ಕೊಮ್ಮೆ. ಮಗುವಾಗಲೆಂದು ಅಂಡ ಬೆಳೆಸುವ ಲೆಟ್ರೋಜೋಲ್ ಮಾತ್ರೆ ಬರೆದುಕೊಟ್ಟಿದ್ದಾರೆ. ತೊಂದರೆ ನನ್ನದೇ ಎಂದ ಮೇಲೆ ಯಜಮಾನರಿಗೂ ಪರೀಕ್ಷೆ ಬೇಕೇ? ಅಂಡನಾಳ ಮುಚ್ಚಿದೆಯೇ ಎಂದು ನೋಡುವ ಟ್ಯೂಬ್ ಎಕ್ಸ್‌ರೇ ಈಗಲೇ ಬೇಕೇ?"

ಯಜಮಾನರ ವೀರ್ಯ ಪರೀಕ್ಷೆ ಖಂಡಿತ ಬೇಕು, ಅದೂ ಮಾತ್ರೆ ಶುರುವಾಗುವ ಮೊದಲೇ. ನನ್ನ ಹೆಂಡತಿ ಮೂರು ತಿಂಗಳು ಇದೇ ಮಾತ್ರೆ ನುಂಗಿದಳು, ಅಂಡವೂ ಚೆನ್ನಾಗಿ ಬೆಳೆಯಿತು. ಆಮೇಲೆ ನನ್ನ ವೀರ್ಯ ಪರೀಕ್ಷಿಸಿದರೆ ಮಿಲಿಲೀಟರಿಗೆ 40 ಲಕ್ಷ ವೀರ್ಯಾಣು ಮಾತ್ರ; ಕೆಳಮಿತಿಯೇ 160 ಲಕ್ಷ. ಆ ಮೂರು ತಿಂಗಳು ಅವಳು ತನ್ನನ್ನೇ ದೂರಿಕೊಂಡದ್ದು ನನಗೆ ಇಂದಿಗೂ ನೋವು.

ಪರೀಕ್ಷೆಗೆ ಮೊದಲು 2ರಿಂದ 7 ದಿನ ವೀರ್ಯಸ್ಖಲನ ಆಗಿರಬಾರದು. ಮನೆಯಲ್ಲಿ ಸಂಗ್ರಹಿಸಿದರೆ ಡಬ್ಬಿಯನ್ನು ಮೈಗೆ ಒತ್ತಿ ಬೆಚ್ಚಗಿಟ್ಟು ಒಂದು ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಫಲಿತಾಂಶ ಕಡಿಮೆ ಬಂದರೆ ಒಂದೇ ವರದಿಯನ್ನು ನಂಬದೆ ಮತ್ತೊಮ್ಮೆ ಮಾಡಿಸಿ. ಹಿಂದಿನ ಎರಡು ಮೂರು ತಿಂಗಳಲ್ಲಿ ಬಂದ ಜ್ವರವೂ ಎಣಿಕೆಯನ್ನು ಇಳಿಸುತ್ತದೆ.

ಟ್ಯೂಬಿನ ವಿಷಯದಲ್ಲಿ ನಿಮ್ಮ ಚರಿತ್ರೆ ಮುಖ್ಯ. ಹಿಂದೆ ಕ್ಷಯ, ಕಿಬ್ಬೊಟ್ಟೆಯ ಸೋಂಕು ಅಥವಾ ಶಸ್ತ್ರಚಿಕಿತ್ಸೆ ಆಗಿದ್ದರೆ ಮೊದಲೇ ಮಾಡಿಸಿ. ಇಲ್ಲದಿದ್ದರೆ ಕೆಲವು ಸುತ್ತು ಮಾತ್ರೆಯ ನಂತರ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ. ಆ ತಿಂಗಳ ಮುಟ್ಟಿನ ರಕ್ತಸ್ರಾವ ನಿಂತ ಮೇಲೆ, ಅಂಡ ಬಿಡುಗಡೆಗೆ ಮೊದಲು ಈ ಎಕ್ಸ್‌ರೇ ಮಾಡುತ್ತಾರೆ. ಟ್ಯೂಬ್ ಗರ್ಭಕೋಶದ ಬಳಿಯೇ ಮುಚ್ಚಿದೆ ಎಂದು ಬಂದರೆ ಎದೆಗುಂದಬೇಡಿ, ನೋವಿಗೆ ಸ್ನಾಯು ಬಿಗಿದುಕೊಂಡರೂ ಹಾಗೆ ಕಾಣುತ್ತದೆ.

ಲೆಟ್ರೋಜೋಲ್ ಸಾಮಾನ್ಯವಾಗಿ ದಿನಕ್ಕೆ 2.5 ಮಿಲಿಗ್ರಾಂ, ಮುಟ್ಟಿನ 3ನೇ ದಿನದಿಂದ ಐದು ದಿನ. ಗರ್ಭಿಣಿಯಲ್ಲ ಎಂದು ಖಚಿತವಾದ ಮೇಲೆಯೇ ಶುರುಮಾಡಬೇಕು. ಸ್ಕ್ಯಾನಿನಲ್ಲಿ ಅಂಡವಿರುವ ಕೋಶ 18 ಮಿಲಿಮೀಟರ್ ದಾಟುವುದನ್ನು ನೋಡುತ್ತಾರೆ. ಬೆಳೆಯದಿದ್ದರೆ ಮುಂದಿನ ತಿಂಗಳು 5 ಮಿಲಿಗ್ರಾಂಗೆ ಏರಿಸುತ್ತಾರೆ.