ಸಂದರ್ಶನದ ಜ್ಞಾಪನೆ ಎಸ್ಸೆಮ್ಮೆಸ್: ಪ್ರತಿಕ್ರಿಯೆ

"ಪೀಣ್ಯದ ನಮ್ಮ ವರ್ಕ್‌ಶಾಪಿಗೆ ಗುರುವಾರ 12 ಜನ ಇಂಟರ್‌ವ್ಯೂಗೆ ಬರ್ತಾರೆ. ಹಿಂದಿನ ಸಲ ಅರ್ಧ ಜನ ದಾಖಲೆನೇ ತರಲಿಲ್ಲ. ಮೆಸೇಜಲ್ಲಿ ಏನು ಹಾಕಲಿ?"

ಹೀಗೆ ಹಾಕಿ ಸಾರ್:

"(ಕಂಪನಿ) ಸಂದರ್ಶನ: 14-8, ಗುರುವಾರ, ಬೆಳಿಗ್ಗೆ 10:30. 10:15ಕ್ಕೆ ಗೇಟಿನಲ್ಲಿರಿ. ಸ್ಥಳ: (ಕಟ್ಟಡ, ರಸ್ತೆ), ಪೀಣ್ಯ ಇಂಡಸ್ಟ್ರಿ ಮೆಟ್ರೊ ಹತ್ತಿರ. ತನ್ನಿ: ಆಧಾರ್, ಐಟಿಐ ಅಂಕಪಟ್ಟಿ ಎರಡರ ಮೂಲಪ್ರತಿ, ತಲಾ 1 ಜೆರಾಕ್ಸ್, 2 ಫೋಟೊ. ದಾರಿ ತಿಳಿಯದಿದ್ದರೆ ಕರೆ: (ಹೆಸರು, ಮೊಬೈಲ್)."

"ಅಗತ್ಯ ದಾಖಲೆಗಳೊಂದಿಗೆ ಬನ್ನಿ" ಅಂತ ಬರೆದರೆ ಯಾವ ದಾಖಲೆ ಅಂತ ಗೊತ್ತಾಗದೆ ಕೆಲವರು ಜೆರಾಕ್ಸ್ ಮಾತ್ರ ತರ್ತಾರೆ, ಕೆಲವರು ಏನೂ ತರಲ್ಲ. ಹಿಂದಿನ ಸಲ ಆಗಿದ್ದೂ ಬಹುಶಃ ಇದೇ. ಒಂದೊಂದರ ಹೆಸರು, ಮೂಲವೋ ನಕಲೋ, ಎಷ್ಟು ಅಂತ ಹೇಳಲೇಬೇಕು. ವಾರದ ಹೆಸರನ್ನೂ ಬಿಡಬೇಡಿ. ತಾರೀಖು ತಪ್ಪಾಗಿ ಟೈಪಾಗಿದ್ದರೆ ಓದಿದವರು ಫೋನ್ ಮಾಡಿ ಕೇಳ್ತಾರೆ.

ಉದ್ದ ನೋಡಿಕೊಳ್ಳಿ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಕನ್ನಡಕ್ಕೆ 70 ಮಾತ್ರ. ಉದ್ದವಾದರೆ 67ರಂತೆ ತುಂಡಾಗಿ ಹೋಗುತ್ತೆ, ಪ್ರತಿ ತುಂಡೂ ಒಂದೊಂದು ಎಸ್ಸೆಮ್ಮೆಸ್ ಅಂತ ಲೆಕ್ಕ. ಒತ್ತು, ಗುಣಿತವೂ ಲೆಕ್ಕಕ್ಕೆ: "ಕ್ಕೆ" ಕಣ್ಣಿಗೆ ಒಂದೇ ಅಕ್ಷರ, ಎಣಿಕೆಯಲ್ಲಿ 4. ಮೇಲಿನದು ನಾಲ್ಕೈದು ತುಂಡು ಆಗುತ್ತೆ. 12 ಜನಕ್ಕೆ ಅದು ಭಾರವಲ್ಲ, ಉಳಿಸೋಕೆ ಹೋಗಿ ವಿಳಾಸ ಮೊಟಕು ಮಾಡಬೇಡಿ.

ನಿಮ್ಮ ಮೊಬೈಲಿಂದಲೇ ಕಳಿಸಿ. ಬಲ್ಕ್ ಎಸ್ಸೆಮ್ಮೆಸ್‌ಗೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಅನ್ನೋ ನೋಂದಣಿ ಪೋರ್ಟಲಿನಲ್ಲಿ ಹೆಡರ್, ಅಂದರೆ ಕಳಿಸುವವರ ಹೆಸರು, ಮತ್ತೆ ಮೆಸೇಜಿನ ಟೆಂಪ್ಲೇಟ್ ನೋಂದಣಿ ಆಗಬೇಕು, ಗುರುವಾರದೊಳಗೆ ಆಗೋ ಕೆಲಸವಲ್ಲ. ಅಲ್ಲದೆ ಆ ಹೆಡರಿಗೆ ಯಾರೂ ತಿರುಗಿ ಉತ್ತರಿಸೋಕಾಗಲ್ಲ. ಬುಧವಾರ ಬೆಳಿಗ್ಗೆ ಕಳಿಸಿದರೆ ಜೆರಾಕ್ಸ್ ಮಾಡಿಸೋಕೆ ಅವರಿಗೆ ಒಂದು ದಿನ ಸಿಗುತ್ತೆ. ಕೊಟ್ಟ ನಂಬರಿನವರು ಗುರುವಾರ 9ರಿಂದ ಫೋನ್ ಎತ್ತೋರಾಗಿರಲಿ, ಸಂದರ್ಶನ ನಡೆಸುವವರ ನಂಬರ್ ಬೇಡ.